ಆವಿಗೆ ಅಂದ್ರೆ ಓವನ್ ಅಲ್ಲ

ಯಾವ ಪ್ರಶ್ನೆಯನ್ನೂ ಖಾಲಿ ಬಿಡುವ ಅಭ್ಯಾಸ ನನಗಿಲ್ಲ. ಈ ಎಡವಟ್ಟು ಆದದ್ದೂ ಅದರಿಂದಲೇ.

ಶಿವನಿಯ ಕುಂಬಾರ ರೇವಣಪ್ಪಣ್ಣ ಮಾಡುವ ಮಣ್ಣಿನ ಸಾಮಾನನ್ನು ನಾನು, ಶಿರೀನ್ ತಾಜ್, ಕಡೂರಿನ ನಮ್ಮ ಮನೆಯಿಂದ ಆನ್‌ಲೈನಿನಲ್ಲಿ ಮಾರುತ್ತೇನೆ. ಮೊಸರಿನ ಬಟ್ಟಲನ್ನು ಮಾರಾಟಕ್ಕೆ ಹಾಕುವ ದಿನ ಆ ಆನ್‌ಲೈನ್ ಅಂಗಡಿಯ ಪುಟ ಪ್ರಶ್ನೆ ಕೇಳಿದ್ದೇ ಕೇಳಿದ್ದು. ಒಡೆಯುವ ವಸ್ತುವೇ? ಹೌದು. ಊಟಕ್ಕೆ ಬಳಸಬಹುದೇ? ಹೌದು, ಪೇಂಟ್ ಇಲ್ಲ, ವಾರ್ನಿಷ್ ಇಲ್ಲ, ಕೆಮ್ಮಣ್ಣಿನ ನೀರು ಬಳಿದು ನುಣುಪು ಕಲ್ಲಿನಿಂದ ಉಜ್ಜಿದ್ದು ಅಷ್ಟೇ. ಮೈಕ್ರೋವೇವ್ ಓವನ್‌ನಲ್ಲಿ ಇಡಬಹುದೇ? ಇದು ನನಗೆ ಗೊತ್ತಿರಲಿಲ್ಲ. ರೇವಣಪ್ಪಣ್ಣನಿಗೆ ಫೋನ್ ಮಾಡಿದೆ. ಅವರು ಸ್ಟೇಷನ್ ಹತ್ತಿರ ಇದ್ದರು, ರೈಲು ಬೇರೆ ಕೂಗುತ್ತಿತ್ತು.

"ಅಣ್ಣಾ, ಬಟ್ಟಲು ಓವನ್‌ಗೆ ಇಡಬಹುದಾ?"

"ಆವಿಗೆಗಾ? ಇನ್ನೆಲ್ಲಿ ಇಡ್ತಾರಮ್ಮಾ! ಇಡೀ ರಾತ್ರಿ ಇದ್ರೂ ಏನೂ ಆಗಲ್ಲ ಕಣಮ್ಮಾ."

ಹೌದು ಎಂದು ಒತ್ತಿದೆ.

ನಾಲ್ಕೇ ದಿನಕ್ಕೆ ಮೊದಲ ಆರ್ಡರ್ ಬಂತು, ಅದೂ ಅರವತ್ತು ಬಟ್ಟಲಿಗೆ. ದಾವಣಗೆರೆಯಲ್ಲಿ ಚಿಕ್ಕ ಹೋಟೆಲ್ ನಡೆಸುವ ಸಂಗೀತಾ ಎಂಬುವರು. "ಪಾಯಸ ಬಟ್ಟಲಲ್ಲೇ ಬಿಸಿ ಮಾಡಿ ಕೊಡ್ತೀವಿ, ಮೈಕ್ರೋವೇವ್‌ಗೆ ಆಗುತ್ತೆ ಅಂತ ಹಾಕಿದ್ದೀರಲ್ಲ" ಎಂದರು. ಅರವತ್ತು ಒಟ್ಟಿಗೆ ಹೋಗುವುದು ಇದೇ ಮೊದಲು. ರೇವಣಪ್ಪಣ್ಣನ ಹೆಂಡತಿ ಜಯಲಕ್ಷ್ಮಮ್ಮ ಖುಷಿಗೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಪ್ಯಾಕ್ ಮಾಡಲು ಶಿವನಿಗೆ ಹೋದೆ. ಜಯಲಕ್ಷ್ಮಮ್ಮ ಒಂದೊಂದೇ ಬಟ್ಟಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆಲ್ಲೋ ಬಿರುಕು. ರೇವಣಪ್ಪಣ್ಣ ಹಿತ್ತಲಿಗೆ ಕರೆದು ಬೂದಿ ಮೆತ್ತಿದ ಗುಂಡಗಿನ ಗೂಡು ತೋರಿಸಿದರು.

"ನೀ ಅವತ್ತು ಫೋನಲ್ಲಿ ಕೇಳಿದ್ಯಲ್ಲ ಆವಿಗೆ, ಇದೇ ನೋಡಮ್ಮಾ. ಮಡಕೆ ಸುಡೋದು ಇದ್ರಲ್ಲೇ."

ನಾನು ಕೇಳಿದ್ದು ಓವನ್, ಅವರ ಕಿವಿಗೆ ಬಿದ್ದದ್ದು ಆವಿಗೆ. ಮೈಕ್ರೋವೇವ್ ಎಂದರೆ ಒಳಗಿಟ್ಟದ್ದರ ನೀರಿನಂಶವನ್ನು ಬಿಸಿ ಮಾಡುವ ಪೆಟ್ಟಿಗೆ ಎಂದು ನನಗೆ ತಿಳಿದಷ್ಟು ಹೇಳಿದೆ.

"ಅಯ್ಯೋ, ನಮ್ಮ ಬಟ್ಟಲು ನೀರು ಕುಡಿಯುತ್ತೆ ಕಣಮ್ಮಾ. ಕುಡಿಯೋದಕ್ಕೇ ಅಲ್ವಾ ಮೊಸರು ಗಟ್ಟಿ ಆಗೋದು?"

ಆದರೂ ಆಸೆ ನೋಡಿ. ಅರವತ್ತು ಬಟ್ಟಲಿನ ಮೇಲಿನ ಆಸೆಗೆ ಒಂದನ್ನು ತಂದು, ಹೋಟೆಲ್‌ನಲ್ಲಿ ತೊಳೆದ ಹಾಗೆ ನೀರಲ್ಲಿ ನೆನೆಸಿ, ನಾದಿನಿ ಮುಸರತ್ ಮನೆಯ ಮೈಕ್ರೋವೇವ್‌ನಲ್ಲಿ ಪಾಯಸ ಹಾಕಿಟ್ಟೆ. ಎರಡು ನಿಮಿಷ ಆಗಿತ್ತೋ ಇಲ್ಲವೋ, ಟಪ್! ಬಟ್ಟಲು ಎರಡು ಹೋಳಾಗಿತ್ತು, ಬಿಸಿ ಪಾಯಸ ತಟ್ಟೆಯ ತುಂಬ. ನನಗೆ ನಿಜಕ್ಕೂ ನಾಚಿಕೆಯಾಯಿತು. ಒರೆಸುವ ಕೆಲಸವನ್ನೂ ಮುಸರತ್ ನನ್ನಿಂದಲೇ ಮಾಡಿಸಿದಳು.

ಜಯಲಕ್ಷ್ಮಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಹೇಳ್ಬಿಡು ತಾಯಿ" ಎಂದರು. "ಯಾರದಾದ್ರೂ ಕೈ ಸುಟ್ರೆ ನಮ್ಮ ಬಟ್ಟಲಿಗೇ ಕೆಟ್ಟ ಹೆಸರು. ಹೋದ್ರೆ ಹೋಗ್ಲಿ."

ಸಂಗೀತಾಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಗೊತ್ತಿಲ್ದೆ ಯಾಕ್ರೀ ಹಾಕಿದ್ರಿ?" ಎಂದು ಫೋನಿಟ್ಟರು. ಪುಟದಲ್ಲಿ ಮೈಕ್ರೋವೇವ್ ಪ್ರಶ್ನೆಯ ಉತ್ತರ ತಿದ್ದಿ 'ಇಲ್ಲ' ಎಂದು ಒತ್ತಿದೆ. ಕಾರಣ ಬರೆಯಲು ಕೆಳಗೆ ಜಾಗವಿತ್ತು. ಈ ಸಲ ರೇವಣಪ್ಪಣ್ಣ ಸ್ಟೇಷನ್‌ನಲ್ಲಿ ಇಲ್ಲದಿರುವುದನ್ನು ಕೇಳಿ ಖಾತ್ರಿ ಮಾಡಿಕೊಂಡು, ಅವರು ಹೇಳಿದ್ದನ್ನೇ ಬರೆದೆ: "ಇವು ಆವಿಗೆಯಲ್ಲಿ ಒಂದು ಸಲ ಬೆಂದು ಬಂದಿವೆ. ಮತ್ತೆ ಬೇಯಿಸಬೇಡಿ. ನೀರು ಕುಡಿಯುವ ಮಣ್ಣು, ಮೊಸರಿಗೆ ಒಳ್ಳೆಯದು. ಸೋಪು ಹಾಕಬೇಡಿ, ಅದನ್ನೂ ಕುಡಿಯುತ್ತದೆ."

ಎರಡು ದಿನ ಬಿಟ್ಟು ಸಂಗೀತಾ ತಾವೇ ಫೋನ್ ಮಾಡಿದರು. "ನೀವು ಬರೆದದ್ದು ಓದಿದೆ ಕಣ್ರೀ. ಪಾಯಸದ್ದು ಬಿಡಿ, ಮೊಸರಿಗೆ ನಲವತ್ತು ಕಳ್ಸಿ. ದಾರೀಲಿ ಒಡೆದ್ರೆ?"

"ಡಬ್ಬ ಬಿಚ್ಚುವಾಗ ವಿಡಿಯೋ ತೆಗೀರಿ. ಒಡೆದಷ್ಟಕ್ಕೂ ಬೇರೆ ಕಳಿಸ್ತೀನಿ. ಒಂದೊಂದನ್ನೂ ತಟ್ಟಿ ನೋಡಿ, ಟಣ್ ಅನ್ನಬೇಕು."

ಬಟ್ಟಲಿನೊಳಗೆ ಪೇಪರ್ ಉಂಡೆ ತುರುಕಿದೆವು. ಹೊರಗೆ ಬಬಲ್ ಶೀಟ್ ಸುತ್ತಿ, ಒಂದಕ್ಕೊಂದು ತಾಗದಂತೆ ರಟ್ಟಿನ ಅಡ್ಡಗೋಡೆ ಕೊಟ್ಟೆವು. ಹತ್ತು ಬಟ್ಟಲಿನ ಒಂದೊಂದು ಡಬ್ಬವನ್ನೂ ಇನ್ನೂ ದೊಡ್ಡ ಡಬ್ಬದಲ್ಲಿಟ್ಟು ಸುತ್ತಲೂ ಎರಡು ಬೆರಳು ಅಗಲದಷ್ಟು ಜಾಗಕ್ಕೆ ಪೇಪರ್ ತುಂಬಿದೆವು. ಅಲ್ಲಾಡಿಸಿದರೆ ಒಳಗೆ ಸದ್ದೇ ಬರಬಾರದು, ಬರಲಿಲ್ಲ.

ನಾಲ್ಕನೇ ದಿನ ವಿಡಿಯೋ ಬಂತು. ಶಿವನಿಗೆ ತೆಗೆದುಕೊಂಡು ಹೋದೆ. ಜಯಲಕ್ಷ್ಮಮ್ಮ ತೆರೆ ನೋಡಲೇ ಇಲ್ಲ. ಫೋನನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, ಬೆರಳು ಮಡಚುತ್ತಾ ಕೂತರು. ದಾವಣಗೆರೆಯಲ್ಲಿ ಸಂಗೀತಾ ತಟ್ಟುತ್ತಿದ್ದರು: ಟಣ್, ಟಣ್, ಟಣ್.

"ನಲವತ್ತೂ ಗಟ್ಟಿಯಾಗೇ ಮುಟ್ಟಿದ್ವು ಕಣೇ" ಎಂದರು ಕಣ್ಣು ಬಿಟ್ಟು, ಹಿತ್ತಲಿಂದ ಬಂದ ಗಂಡನತ್ತ ನೋಡಿ. "ಇನ್ನೊಂದ್ಸಲ ಹಾಕು, ಇವ್ರೂ ಕೇಳ್ಲಿ."