ಕಾಲಿಂಚು ಮಾಸ್ಟರರಿಗೆ ಬಂದ ‘ಬೇಸ್ಡ್’

ಈ ಜಗತ್ತು ತನ್ನ ಸರಿಯಾದ ಅಳತೆಗಿಂತ ಕಾಲಿಂಚು ಆಚೆಗೋ ಈಚೆಗೋ ಇದೆ ಎಂಬುದು ಟೈಲರ್ ಮಾಸ್ಟರರ ಅಚಲ ಸಿದ್ಧಾಂತವಾಗಿತ್ತು. ಚಹಾಕ್ಕೆ ಸಕ್ಕರೆ ಕಾಲಿಂಚು ಹೆಚ್ಚಾಗುತ್ತಿತ್ತು, ಹೆಂಡತಿಯ ಮಾತು ಕಾಲಿಂಚು ಉದ್ದವಾಗುತ್ತಿತ್ತು, ಮಗಳ ನಗು ಕಾಲಿಂಚು ಜೋರಾಗುತ್ತಿತ್ತು. ಎದುರುಮನೆಯ ಮುದುಕರು ತೀರಿಕೊಂಡ ದಿನ ಕೊನೆಯ ದರ್ಶನಕ್ಕೆಂದು ಹೋದವರು, ಎಲ್ಲರೂ ತಲೆ ತಗ್ಗಿಸಿ ನಿಂತಿದ್ದ ಆ ಗಂಭೀರ ಮೌನದಲ್ಲೇ ಮುಂದೆ ಸರಿದು, ಮಲಗಿದ್ದವರ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಕಾಲಿಂಚು ಬಲಕ್ಕೆ ಸರಿಸಿ, ಆಮೇಲೆ ಕಣ್ಣೀರು ಒರೆಸಿಕೊಂಡರಂತೆ. ಬೀದಿಯವರು ಅವರಿಗೆ ಕಾಲಿಂಚು ಮಾಸ್ಟರ್ ಎಂದು ಹೆಸರಿಟ್ಟಿದ್ದು ಆವತ್ತಿನಿಂದ.

ಮೂವತ್ತೊಂದು ವರ್ಷ ಕತ್ತರಿಸುವ ಮೇಜಿನ ಮೇಲೆ ಬಾಗಿ ಬಾಗಿ ಅವರ ಎಡಭುಜ ಇಳಿದುಹೋಗಿತ್ತು. ನಡೆಯುವಾಗ ಕಾಣದ ಬಕೆಟ್ಟೊಂದನ್ನು ಎಡಗೈಯಲ್ಲಿ ಹಿಡಿದವರಂತೆ ವಾಲಿ ನಡೆಯುತ್ತಿದ್ದರು. ಕೊರಳಲ್ಲಿ ಸದಾ ಅಳತೆಪಟ್ಟಿ. ಮೈಮೇಲೆ ಬೂದಿಬಣ್ಣದ ಒಂದು ಕೋಟು. ಅದನ್ನು ಹೊಲಿಯಲು ಕೊಟ್ಟಿದ್ದ ಗಿರಾಕಿ ಮತ್ತೆ ಬರಲೇ ಇಲ್ಲವಾದ್ದರಿಂದ, ಒಂದು ವರ್ಷ ಕಾದು, ಮಾಸ್ಟರರು ತಾವೇ ತೊಟ್ಟುಕೊಂಡಿದ್ದರು. ಬೀದಿಗೆಲ್ಲ ಅಳತೆ ತೆಗೆದ ಮನುಷ್ಯ ಬೇರೆ ಯಾರದೋ ಅಳತೆಯೊಳಗೆ ಓಡಾಡುತ್ತಿದ್ದರು. ಇದನ್ನು ಯಾರಾದರೂ ಎತ್ತಿ ಆಡಿದರೆ, “ಕೆಲಸದ ಬಟ್ಟೆ ಅಲ್ವಾ, ನಡೀತದೆ” ಅನ್ನುವರು.

ಅಂಗಡಿಯ ಹಿಂದಿನ ಮೂಲೆಯ ಮಿಷನ್ನಿನ ಮೇಲೆ ಅವರ ಭಾವಮೈದ ಕೂರುತ್ತಿದ್ದ. ಚೂರುಬಟ್ಟೆ ಕಂಡರೆ ಬಿಡದವನಾದ್ದರಿಂದ ಅವನ ಅಕ್ಕ, ಅಂದರೆ ಮಾಸ್ಟರರ ಹೆಂಡತಿ, ಅವನನ್ನು ಚಿಂದಿ ಎಂದೇ ಕರೆದು ಬೆಳೆಸಿದ್ದಳು. ಹೊಲಿಗೆ ಕಲಿಸಿದವರು ಮಾಸ್ಟರರೇ. ಚಿಂದಿಯ ಹೊಲಿಗೆ ಹೊಳೆಯಂತೆ, ಮನಸ್ಸು ಬಂದ ಕಡೆ ತಿರುಗುತ್ತಿತ್ತು. ಮಾಸ್ಟರರದು ಕಾಲುವೆ. ಅಂಗಡಿಗೆ ಬಂದವರು ಮಾತ್ರ ಯಾಕೋ ಹೊಳೆಯ ಕಡೆಗೇ ಹೋಗಿ ನಿಲ್ಲುವರು. ಮಾಸ್ಟರರು ಕತ್ತರಿಯನ್ನು ಮೇಜಿನ ಮೇಲೆ ಕೊಂಚ ಜೋರಾಗಿ ಇಡುವರು.

ಹೊಟ್ಟೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟಂಥ ಈ ಸಂಕಟ ಅಂಗಡಿಯ ನಾಲ್ಕು ಗೋಡೆಯೊಳಗೆ ಇದ್ದಿದ್ದರೆ ಇಷ್ಟು ಕಥೆಯಾಗುತ್ತಿರಲಿಲ್ಲ. ಆದರೆ ಮಗಳು ಅಪ್ಪನನ್ನೂ ಮಾವನನ್ನೂ ಒಂದೇ ದಿನ ‘ಸೂಜಿದಾರ’ ಎಂಬ ಆನ್‌ಲೈನ್ ಗುಂಪಿಗೆ ಸೇರಿಸಿಬಿಟ್ಟಳು. ನಲವತ್ತು ಸಾವಿರ ಜನರ ಗುಂಪು. ತಾವೇ ಹೊಲಿದದ್ದನ್ನು ಮಾತ್ರ ಹಾಕಬೇಕೆಂಬುದೊಂದೇ ನಿಯಮ.

ಮಾಸ್ಟರರು ತಮ್ಮ ಜೀವಮಾನದ ಅತ್ಯುತ್ತಮ ಕೋಟಿನ ಫೋಟೋ ಹಾಕಿದರು. ಅದರ ಕೆಳಗೆ ಬರೆದರು: ‘ಮೂರು ದಶಕಗಳ ತಪಸ್ಸಿನ ಫಲ. ಇಂದಿನ ಪೀಳಿಗೆಗೆ ಇದರ ಬೆಲೆ ತಿಳಿಯುವುದೇ? ನಿಮ್ಮ ಅಭಿಪ್ರಾಯ ತಿಳಿಸಿ.’ ಎರಡೇ ನಿಮಿಷಕ್ಕೆ ಮೊದಲ ಅಭಿಪ್ರಾಯ ಬಂತು: ‘ಕ್ರಿಂಜ್.’ ಆ ಒಂದು ಪದಕ್ಕೆ ಲೈಕುಗಳು ಕೂಡಿ ಅದು ಎಲ್ಲಕ್ಕಿಂತ ಮೇಲೆ ಹೋಗಿ ಕುಳಿತಿತು. ಆಮೇಲೆ ಬಂದವರು ಕೋಟು ನೋಡುವ ಮೊದಲೇ ತೀರ್ಪು ಓದಿದರು. ಮಾಸ್ಟರರು ಹನ್ನೊಂದು ಸಾಲಿನ ಸಮಜಾಯಿಷಿ ಬರೆದರು, ಕಾಲರಿನೊಳಗಿನ ಕ್ಯಾನ್ವಾಸನ್ನು ಕೈಯಲ್ಲೇ ಕೂರಿಸಿದ್ದೇನೆ ಎಂದು. ಅದಕ್ಕೆ ‘ಡಬಲ್ ಕ್ರಿಂಜ್’ ಬಂತು. ಬೇಸತ್ತು ಪೋಸ್ಟನ್ನೇ ಅಳಿಸಿದರು. ಯಾರೋ ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟ್ ಮರುದಿನ ಪ್ರತ್ಯಕ್ಷವಾಯಿತು: ‘ಅಳಿಸಿ ಓಡಿದ್ರು.’

“ಏನೇ ಹಂಗಂದ್ರೆ? ಹೊಲಿಗೇಲಿ ಏನು ತಪ್ಪಿದೆ?” ಎಂದು ಮಗಳನ್ನು ಕೇಳಿದರು.

“ಹೊಲಿಗೆ ವಿಷಯ ಅಲ್ಲಪ್ಪ ಅದು. ನೀವು ಹೊಗಳಿ ಅಂತ ಕೈ ಚಾಚಿದ್ರಲ್ಲ, ಅದನ್ನ ನೋಡಿ ಅವರಿಗೆ ನಿಮ್ಮ ಪರವಾಗಿ ನಾಚಿಕೆ ಆಯ್ತು. ಅದಕ್ಕೇ ಕ್ರಿಂಜ್ ಅನ್ನೋದು.”

“ನನ್ನ ನಾಚಿಕೆ ಅವರ‍್ಯಾಕೆ ಪಡಬೇಕು?”

“ವಿವರಿಸಿದಷ್ಟೂ ಜಾಸ್ತಿ ಆಗತ್ತೆ. ಸುಮ್ನಿದ್ದುಬಿಡಬೇಕಿತ್ತು.”

ಮುಂದಿನ ವಾರ ಚಿಂದಿ, ಮುರಿದ ಕೊಡೆಯ ಬಟ್ಟೆಯಿಂದ ಹೊಲಿದ ಒಂದು ಚೀಲದ ಫೋಟೋ ಹಾಕಿದ. ಕೆಳಗೆ ಬರೆದದ್ದು ಇಷ್ಟೇ: ‘ಕೊಡೆ ಮುರೀತು. ಚೀಲ ಆಯ್ತು.’ ಮೊದಲ ಕಾಮೆಂಟು: ‘ಬೇಸ್ಡ್.’ ಸಂಜೆಯ ಹೊತ್ತಿಗೆ ಒಂಬತ್ತು ನೂರು ಬೇಸ್ಡ್. ಯಾರೋ ‘ಹೊಲಿಗೆ ಸೊಟ್ಟಗಿದೆ’ ಎಂದದ್ದಕ್ಕೆ ಚಿಂದಿ ‘ಹೌದು’ ಎಂದು ಬರೆದ. ಆ ‘ಹೌದು’ವಿಗೇ ಇನ್ನೂರು ಬಂದವು. ಅದೇ ಚೀಲದ ಫೋಟೋವನ್ನು ಯಾರೋ ಹೊತ್ತೊಯ್ದು ದೊಡ್ಡ ದೊಡ್ಡ ಕಟಿಂಗ್ ಮಾಸ್ಟರರ ಗುಂಪಿನಲ್ಲಿ ಹಾಕಿದಾಗ ಅಲ್ಲಿ ಸಾಲುಸಾಲಾಗಿ ‘ಕ್ರಿಂಜ್’ ಬಿದ್ದಿತ್ತು. ಸೂಜಿದಾರದವರು ಅದನ್ನೂ ತಂದು ಹಾಕಿಕೊಂಡು, ‘ಅವರು ಬೈದರೆಂದರೆ ಇನ್ನೂ ಬೇಸ್ಡ್’ ಎಂದು ಕುಣಿದರು. ಒಂದು ಗುಂಪಿನ ಮಸಿ ಇನ್ನೊಂದು ಗುಂಪಿಗೆ ತಿಲಕ. ತೀರ್ಪು ಕೊಡುವವನು ಚೀಲವನ್ನು ತೂಗುವುದಕ್ಕಿಂತ ಹೆಚ್ಚಾಗಿ ತಾನು ಯಾರ ಕಡೆಯವನೆಂದು ಸಾರುತ್ತಿರುತ್ತಾನೆ.

“ಬೇಸ್ಡ್ ಅಂದ್ರೆ?” ಮಾಸ್ಟರರು ಗೋಡೆಗೆ ಹೇಳಿದಂತೆ ಕೇಳಿದರು.

“ಯಾರು ಏನಂದ್ರೂ ಕ್ಯಾರೆ ಅನ್ನದೆ ತನ್ನ ಪಾಡಿಗೆ ತಾನಿರೋದು. ಮಾವನ ಥರ.”

“ಹಂಗಿರೋದು ಹೆಂಗೆ ಅಂತ ಹೇಳು, ನಾನೂ ಇರ‍್ತೀನಿ.”

“ಅಯ್ಯೋ ಅಪ್ಪ! ಆಗ್ಬೇಕು ಅಂತ ಹೊರಟ ತಕ್ಷಣ ಅದು ಕ್ರಿಂಜೇ.”

ಆ ಬಾಗಿಲೂ ಮುಚ್ಚಿತು. ಹೆಂಡತಿ ಊಟಕ್ಕೆ ಬಡಿಸುತ್ತ, “ನಮ್ಮ ಚಿಂದಿಗೆ ಒಂಬತ್ತು ನೂರಂತೆ ರೀ, ಕೇಳಿದ್ರಾ?” ಅಂದಳು. “ಉಪ್ಪು ಕಾಲಿಂಚು ಜಾಸ್ತಿ” ಎಂದು ಮಾಸ್ಟರರು ತಟ್ಟೆ ಸರಿಸಿದರು.

ಅಸೂಯೆಗೆ ತಾಳ್ಮೆ ಇಲ್ಲವೆನ್ನುತ್ತಾರೆ, ಸುಳ್ಳು. ಅಸೂಯೆಯಷ್ಟು ತಾಳ್ಮೆಯ ಶಿಷ್ಯ ಬೇರೊಬ್ಬನಿಲ್ಲ. ಮಾಸ್ಟರರು ಒಂದು ವಾರ ಏನೂ ಬರೆಯದೆ ಗುಂಪನ್ನು ಅಭ್ಯಾಸ ಮಾಡಿದರು. ಮೊದಲು ಬಿದ್ದ ಪದದ ಹಿಂದೆಯೇ ಉಳಿದವು ಬೀಳುತ್ತವೆ, ಮೊದಲ ಹೊಲಿಗೆ ಎಳೆದ ಕಡೆಗೆ ಬಟ್ಟೆ ಎಲ್ಲ ಬಾಗುವಂತೆ, ಎಂಬ ಮರ್ಮ ತಿಳಿಯಿತು. ‘ಸೂಜಿಮೊನೆ’ ಎಂಬ ಹೆಸರಿನಲ್ಲಿ, ಮುಖವಿಲ್ಲದ ಹೊಸದೊಂದು ಖಾತೆ ತೆರೆದರು.

ಚಿಂದಿ ಆಗ ಹಳೆಯ ಪರದೆಯಿಂದ ತನಗಾಗಿ ಕೋಟು ಹೊಲಿಯುತ್ತಿದ್ದ. ಅದರ ಮೇಲೆ ಅಂಗೈಯಗಲದ ಹಳದಿ ಹೂಗಳು. ಹೊಲಿದು ಮುಗಿದ ಬೆಳಿಗ್ಗೆ ಅವನು ಗುಂಡಿ ತರಲು ಹೋದಾಗ, ಮಾಸ್ಟರರು ಅದನ್ನು ಮೇಜಿನ ಮೇಲೆ ಹರಡಿ ಕೊರಳಿನ ಪಟ್ಟಿ ಎಳೆದು ಎಲ್ಲವನ್ನೂ ಅಳೆದರು. ಬೆನ್ನು ಸರಿ. ಭುಜ ಸರಿ. ಎದೆಯ ಕಡೆ ಬಟ್ಟೆ ಕೂತ ರೀತಿ ಎಷ್ಟು ಚೆನ್ನಾಗಿತ್ತೆಂದರೆ ಅವರು ಅರೆಗಳಿಗೆ ಕಣ್ಣು ಮುಚ್ಚಿಕೊಳ್ಳಬೇಕಾಯಿತು. ಕೊನೆಗೆ ಎಡತೋಳಿನಲ್ಲಿ ಅವರ ಪುಣ್ಯ ಸಿಕ್ಕಿತು.

ಮಧ್ಯಾಹ್ನ ಮಗಳು ಫೋಟೋ ತೆಗೆದಳು. ಚಿಂದಿ ಎಡಗೈಯನ್ನು ಮೊಣಕೈವರೆಗೆ ಅನ್ನುವಂತೆ ಜೇಬಿಗೆ ತುರುಕಿ ನಿಂತಿದ್ದ. ‘ಪರದೆ ಹಳೇದಾಯ್ತು. ಚಳಿ ಇತ್ತು’ ಎಂದು ಬರೆದು ಹಾಕಿದ. ಮುಂದಿನ ಮೇಜಿನಲ್ಲಿ ಫೋನು ಹಿಡಿದು ಕಾದಿದ್ದ ಮಾಸ್ಟರರು ಅರೆನಿಮಿಷದಲ್ಲಿ ಬಾಣ ಬಿಟ್ಟರು: ‘ಎಡತೋಳು ಕಾಲಿಂಚು ಗಿಡ್ಡ. ಕ್ರಿಂಜ್.’

ಮರ್ಮ ಫಲಿಸಿತು. ಒಂದು ಕ್ರಿಂಜಿನ ಹಿಂದೆ ಆರು, ಆರರ ಹಿಂದೆ ಮೂವತ್ತು. ಮೊನ್ನೆ ಮೊನ್ನೆ ಬೇಸ್ಡ್ ಎಂದು ಕುಣಿದವರೇ ಈಗ ‘ಬೇಕಂತಲೇ ವಿಚಿತ್ರ ಮಾಡ್ತಿದ್ದಾನೆ, ಕ್ರಿಂಜ್’ ಎಂದರು. ಹಿಂದಿನ ಮೂಲೆಯ ಮಿಷನ್ನು ಸದ್ದು ನಿಲ್ಲಿಸಿತು. ಮಾಸ್ಟರರು ಎಷ್ಟೋ ದಿನದ ಮೇಲೆ ಸಿಳ್ಳೆ ಹಾಕುತ್ತ ಕಾಜ ಹೊಲಿದರು.

ಒಂದು ಗಂಟೆ ಕಳೆದಿರಬೇಕು, ಯಾವಳೋ ಒಬ್ಬಳು ಕೇಳಿದಳು: ‘ಸೂಜಿಮೊನೆಯವರೇ, ಆ ಕೈ ಜೇಬಲ್ಲಿದೆಯಲ್ಲ, ತೋಳು ಗಿಡ್ಡ ಅಂತ ನಿಮಗೆ ಹೇಗೆ ಕಾಣ್ತು?’ ಗಾಳಿ ತಿರುಗಿತು. ಖಾತೆಗೆ ಮೂರು ದಿನ ವಯಸ್ಸು, ಒಂದು ಫೋಟೋ ಹಾಕಿಲ್ಲ ಎಂದು ಇನ್ನೊಬ್ಬ ಅಗೆದು ತಂದ. ‘ಇವನೇ ಕ್ರಿಂಜ್’ ಎಂದ ಮತ್ತೊಬ್ಬ. ಮೂವತ್ತು ಜನ ಲೈಕು ಒತ್ತಿದರು. ‘ಮನೆಯವರೇ ಯಾರೋ ಇರಬೇಕು. ಅಣ್ಣಾ, ಯಾರು ಅಂತ ಹೇಳಿಬಿಡಿ’ ಎಂದು ಇಡೀ ಗುಂಪು ಚಿಂದಿಯ ಬೆನ್ನು ಬಿತ್ತು.

ಮಾಸ್ಟರರ ಬೆರಳಿಗೆ ಸೂಜಿ ಚುಚ್ಚಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಅವರು ಕೊರಳಿನ ಪಟ್ಟಿ ಮುಟ್ಟಿಕೊಂಡರು. ಕಾಲಿಂಚು! ತಮ್ಮ ಹೆಸರನ್ನೇ ಸಹಿ ಮಾಡಿದಂತೆ ಬರೆದಿದ್ದರು. ಚಿಂದಿ ಒಂದು ಪದ ಟೈಪಿಸಿದರೆ ಸಾಕು. ನಲವತ್ತು ಸಾವಿರ ಜನ ನಗುವುದಿರಲಿ, ಹೆಂಡತಿಯ ಮುಖವನ್ನು, ಮಗಳ ಮುಖವನ್ನು ನೋಡುವುದು ಹೇಗೆ? ಹಿಂದಕ್ಕೆ ತಿರುಗಲು ಧೈರ್ಯವಾಗಲಿಲ್ಲ. ಹಿಂದಿನ ಮೂಲೆಯಲ್ಲಿ ಬೆರಳು ಫೋನಿನ ಮೇಲೆ ಟಪಟಪ ಅನ್ನುವುದು ಕೇಳಿಸಿತು.

ಚಿಂದಿಯ ಉತ್ತರ ಬಂತು: ‘ಈಗ ಅಳೆದು ನೋಡಿದೆ. ಕಾಲಿಂಚು ಗಿಡ್ಡ ಇದೆ. ಅವರು ಹೇಳಿದ್ದು ಸರಿ.’

ಮೊದಲು ಚಿಂದಿಗೆ ಬೇಸ್ಡ್ ಸುರಿಮಳೆಯಾಯಿತು. ಆಮೇಲೆ ಅದೇ ಮಳೆ ಸೂಜಿಮೊನೆಯ ಕಾಮೆಂಟಿನ ಮೇಲೂ ಸುರಿಯಿತು. ‘ಕೈ ಜೇಬಲ್ಲಿದ್ರೂ ಕಾಲಿಂಚು ಹಿಡಿದ ಕಣ್ಣು. ಬೇಸ್ಡ್.’ ‘ಯಾರ ಮುಲಾಜೂ ಇಲ್ಲ. ಬೇಸ್ಡ್.’ ‘ಗುರುಗಳೇ, ಬೇಸ್ಡ್.’ ಒಂದು ಸಾವಿರದ ನೂರು. ಚಿಂದಿಯ ಚೀಲಕ್ಕೆ ಬಂದದ್ದಕ್ಕಿಂತ ಇನ್ನೂರು ಹೆಚ್ಚು. ಬಯಸಿ ಬಯಸಿ ಆಸೆ ಬಿಟ್ಟಿದ್ದ ಆ ಪದ ಕೊನೆಗೂ ಬಂದಿತ್ತು, ತಮ್ಮದೆಂದು ಹೇಳಿಕೊಳ್ಳಲಾಗದ ಹೆಸರಿಗೆ, ಯಾರ ಮೇಲೆ ಕಿಚ್ಚಿತ್ತೋ ಅವನ ಕೃಪೆಯಿಂದ. ಮಾಸ್ಟರರಿಗೆ ಆವತ್ತಿನಿಂದ ಸೂಜಿಮೊನೆಯ ಮೇಲೂ ಹೊಟ್ಟೆಕಿಚ್ಚು ಶುರುವಾಯಿತು.

ಚಿಂದಿ ಕೋಟು ಹಿಡಿದು ಮುಂದಿನ ಮೇಜಿಗೆ ಬಂದ. “ಬಾವ, ಈ ತೋಳು ಸ್ವಲ್ಪ ಬಿಡಿಸಿಕೊಡ್ತೀರಾ? ಕಾಲಿಂಚು ನನ್ನ ಕೈಗೆ ಹತ್ತಲ್ಲ.”

ಮಾಸ್ಟರರು ಮುಖ ಎತ್ತಲಿಲ್ಲ. “ಒಳಗಡೆ ಬಟ್ಟೆ ಬಿಟ್ಟಿದ್ದೀಯೇನು?”

“ಬಿಟ್ಟಿದ್ದೀನಿ ಬಾವ. ಎರಡಿಂಚು.”

“ಎರಡಿಂಚಾ! ಯಾರೋ ಅಷ್ಟೊಂದು ಬಿಡ್ತಾರೆ?”

“ಬೇಕಾಗ್ತದೆ,” ಅಂದ ಚಿಂದಿ. ಮೂಲೆಗೆ ಹೋಗಿ ಮಿಷನ್ ತುಳಿದ.

ಮಾಸ್ಟರರು ತೋಳಿನ ಅಂಚನ್ನು ಬಿಚ್ಚಿದರು. ಮಡಿಕೆಯೊಳಗೆ, ಬೆಳಕು ಕಾಣದ ಕಡೆ, ಹಳದಿ ಹೂವೊಂದು ಅರ್ಧ ಮಡಚಿಕೊಂಡು ಕುಳಿತಿತ್ತು. ಕಾಲಿಂಚು ಬಿಡಿಸಿ, ಇಸ್ತ್ರಿ ಮಾಡಿ, ಅವರು ಆ ತೋಳನ್ನು ಹೊಲಿದರು. ಅಷ್ಟು ಅಂದವಾಗಿ ಅವರು ತಮ್ಮ ಜೀವಮಾನದ ಆ ಅತ್ಯುತ್ತಮ ಕೋಟನ್ನೂ ಹೊಲಿದಿರಲಿಲ್ಲ. ಫೋಟೋ ಮಾತ್ರ ಯಾರೂ ತೆಗೆಯಲಿಲ್ಲ.

ಮಾಸ್ಟರರಂಥವರು ಎಲ್ಲ ಬೀದಿಗಳಲ್ಲೂ, ಎಲ್ಲ ಕಸುಬುಗಳಲ್ಲೂ ಇರುತ್ತಾರೆ. ಅವರ ಕೈ ಕೆಟ್ಟದ್ದಲ್ಲ, ಕಣ್ಣು ಸುಳ್ಳಲ್ಲ. ಲೋಕ ಒಂದು ಪದದಲ್ಲಿ ಕೊಡುವ ತೀರ್ಪಿಗಿಂತ ಅವರ ಕಾಲಿಂಚು ಎಷ್ಟೋ ಪಾಲು ಸತ್ಯ. ಆದರೆ ಗೆರೆಗೆ ಸರಿಯಾಗಿ ಕತ್ತರಿಸುವ ಹಟದಲ್ಲಿ ಅವರು ಮಡಿಕೆಯೊಳಗೆ ಬಟ್ಟೆಯನ್ನೇ ಉಳಿಸುವುದಿಲ್ಲ, ಇನ್ನೊಬ್ಬರಿಗೂ, ತಮಗೂ. ಎಲ್ಲಿ ಬಿಗಿಯಿತೆಂದು ತಿಳಿದ ದಿನ ಬಿಡಿಸಿಕೊಳ್ಳಲು ಏನೂ ಇರುವುದಿಲ್ಲ. ಇನ್ನೊಬ್ಬ ಬಿಟ್ಟುಕೊಟ್ಟ ಎರಡಿಂಚಿನಲ್ಲೇ ಅವರ ಮಾನ ಉಳಿಯಬೇಕಾಗುತ್ತದೆ. ಅದನ್ನು ಬಲ್ಲರು, ಬಿಟ್ಟುಕೊಟ್ಟವನನ್ನು ಮಾತ್ರ ಕ್ಷಮಿಸಲಾರರು.