ಎಂ.ಡಿ. ಆಚೆ ಕೂತ ಮೀಟಿಂಗು

ತಂಗಿಗೆ ಮ್ಯಾನೇಜ್‌ಮೆಂಟ್ ಪರೀಕ್ಷೆ, ನನಗೆ ಆಡಿಟ್ ಕಮಿಟಿ ಮೀಟಿಂಗು. ಇಬ್ಬರೂ ತಿಂಡಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆವು.

"ಅಕ್ಕಾ, ಏಜೆನ್ಸಿ ಸಮಸ್ಯೆ ಅಂದ್ರೇನು? ಐದು ಮಾರ್ಕ್ಸಿಗೆ ಬೇಕಾದಷ್ಟೇ ಹೇಳು, ಪುರಾಣ ಬೇಡ."

ನನ್ನಂಥ ಕಂಪನಿ ಸೆಕ್ರೆಟರಿಯನ್ನೇ ಮನೆಯಲ್ಲಿಟ್ಟುಕೊಂಡು ವರ್ಷವಿಡೀ ಗೈಡ್ ಓದಿದವಳ ಗತ್ತು ನೋಡಿ!

"ಬರ್ಕೋ. ಕಂಪನಿಯ ಒಡೆಯರು ಷೇರುದಾರರು. ಅಷ್ಟೊಂದು ಜನ ಕೂತು ಕಂಪನಿ ನಡೆಸೋಕಾಗಲ್ಲ, ಅದಕ್ಕೆ ಮ್ಯಾನೇಜರುಗಳ ಕೈಗೆ ಕೊಡ್ತಾರೆ. ಒಡೆಯರು ಪ್ರಿನ್ಸಿಪಾಲ್, ನಡೆಸೋರು ಏಜೆಂಟ್. ಒಳಗಿನ ವಿಷಯ ಏಜೆಂಟಿಗೇ ಜಾಸ್ತಿ ಗೊತ್ತು. ಅವನ ಲಾಭ ಒಂದು ದಾರಿ, ಒಡೆಯರ ಲಾಭ ಇನ್ನೊಂದು ದಾರಿ ಆದ್ರೆ ಅದೇ ಸಮಸ್ಯೆ. ನಿನ್ನ ಪರ್ಸ್ ಹಿಡ್ಕೊಂಡು ತರಕಾರಿಗೆ ಹೋದವನು ಭಾವಮೈದನ ಅಂಗಡೀಲೇ ದುಬಾರಿಗೆ ತಂದ ಹಾಗೆ."

"ಪರಿಹಾರ?"

"ಆಡಿಟ್ಟು, ಎಲ್ಲಾ ಬಹಿರಂಗವಾಗಿ ತಿಳಿಸೋದು, ಮ್ಯಾನೇಜರುಗಳ ಸಂಬಳಾನ ಕಂಪನಿಯ ಸಾಧನೆಗೆ ಕಟ್ಟೋದು. ಆಮೇಲೆ ಸ್ವತಂತ್ರ ನಿರ್ದೇಶಕರು. ಅವರಿಗೆ ಕಂಪನೀಲಿ ನೌಕರಿ, ವ್ಯವಹಾರ, ನಂಟಸ್ತಿಕೆ ಯಾವುದೂ ಇರಬಾರದು. ಸಣ್ಣ ಷೇರುದಾರರ ಪರ ಅವರು ಕಣ್ಣಿಟ್ಟಿರ್ಬೇಕು. ಈ ಕಾವಲಿಗೆ ಆಗೋ ಖರ್ಚೂ ಏಜೆನ್ಸಿ ವೆಚ್ಚದಲ್ಲಿ ಸೇರುತ್ತೆ."

"ನಿಮ್ಮಲ್ಲಿ ಕಾವಲಿಗೆ ಯಾರು, ಹೂಂ ಡಾಕ್ಟ್ರಾ?" ಎಂದು ಅವಳು ಕಿಸಕ್ಕನೆ ನಕ್ಕಳು.

ನನಗೆ ನಗು ಬರಲಿಲ್ಲ. ಹೂಂ ಡಾಕ್ಟರು ಕಂಪನಿಯ ಲೆಕ್ಕ-ವ್ಯವಹಾರ ಪರಿಶೀಲಿಸುವ ನಮ್ಮ ಆಡಿಟ್ ಕಮಿಟಿಯ ಅಧ್ಯಕ್ಷರು. ನಿವೃತ್ತ ವೈದ್ಯರು, ನಮ್ಮ ಮ್ಯಾನೇಜಿಂಗ್ ಡೈರೆಕ್ಟರ್, ಅಂದರೆ ಎಂ.ಡಿ.ಯ ತಂದೆಯ ಹಳೇ ಗೆಳೆಯರು. ಕಾನೂನಿನ ಲೆಕ್ಕದಲ್ಲಿ ಅಪ್ಪಟ ಸ್ವತಂತ್ರರು. ಎಂ.ಡಿ. ಏನಂದರೂ "ಹೂಂ" ಎನ್ನುತ್ತಾರಾದ್ದರಿಂದ ಆ ಹೆಸರು. ಎಂ.ಡಿ. ಕಮಿಟಿಯ ಸದಸ್ಯರೇ ಅಲ್ಲ, ಆಹ್ವಾನಿತರು ಮಾತ್ರ. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವುದು ಅವರೇ. ಇದು ನಮ್ಮ ಕಂಪನಿಯ ಸಂಪ್ರದಾಯ.

ಆವತ್ತಿನ ವಿಷಯ, ಎಂ.ಡಿ.ಯ ಭಾವಮೈದನ ಗೋದಾಮನ್ನು ಕಂಪನಿ ಕೊಳ್ಳುವುದು. ಸಂಬಂಧಿಕರ ಜತೆಗಿನ ವ್ಯವಹಾರವಾದ್ದರಿಂದ ಕಮಿಟಿ ಒಪ್ಪಬೇಕು, ಚರ್ಚೆ ನಡೆಯುವಾಗ ಎಂ.ಡಿ. ಆಚೆ ಇರಬೇಕು. ಕಾನೂನು ಪಾಲನೆ ನೋಡಿಕೊಳ್ಳುವ ಕಂಪನಿ ಸೆಕ್ರೆಟರಿಯಾಗಿ ಅದನ್ನು ಹೇಳಬೇಕಾದವಳು ನಾನು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸಕ್ಕೇ ಸಂಬಳ ಪಡೆಯುವವಳು ನಾನೊಬ್ಬಳೇ ಇರಬೇಕು. ನನ್ನ ಕೆಲಸ ಹೋದರೆ ತಂಗಿಯ ಓದು ಅರ್ಧಕ್ಕೇ ನಿಲ್ಲುತ್ತದೆ. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು.

ವಿಷಯ ಬಂತು. ಎಂ.ಡಿ. ಕುರ್ಚಿ ಮುಂದಕ್ಕೆಳೆದುಕೊಂಡರು.

"ಸರ್," ಎಂದೆ. "ಇದು ಮುಗಿಯೋವರೆಗೂ ತಾವು ಆಚೆ ಇರ್ಬೇಕಾಗುತ್ತೆ."

"ನಾನಾ? ನನ್ನ ಕಂಪನೀಲಿ?"

"ಷೇರುದಾರರ ಕಂಪನೀಲಿ, ಸರ್." ಬಾಯಿಂದ ಬಂದೇಬಿಟ್ಟಿತು. ನಾಲಿಗೆ ಕಚ್ಚಿಕೊಂಡೆ.

ಎಂ.ಡಿ. ಡಾಕ್ಟರ ಮುಖ ನೋಡಿದರು. ಡಾಕ್ಟರು ನನ್ನ ಮುಖ ನೋಡಿದರು.

"ಹೂಂ," ಎಂದರು ಡಾಕ್ಟರು. "ಆಚೆ ಇರಪ್ಪ."

ಎಂ.ಡಿ. ನನ್ನನ್ನು ನುಂಗುವಂತೆ ನೋಡಿ, ಎದ್ದುಹೋದರು.

ಬಾಗಿಲು ಮುಚ್ಚಿದ್ದೇ ತಡ, ಡಾಕ್ಟರು ದೊಡ್ಡದಾಗಿ ಉಸಿರುಬಿಟ್ಟರು. "ಅಬ್ಬಾ! ಎತ್ತಿ ಆಡಿಸಿದ ಹುಡುಗ ಕಣಮ್ಮಾ. ಎದುರಿಗೆ ಕೂತಿದ್ರೆ ಬೇಡ ಅನ್ನೋಕೆ ನನಗೆ ಬಾಯೇ ಬರಲ್ಲ."

ಆಮೇಲೆ ಅವರ ಬಾಯಿ ನಿಲ್ಲಲಿಲ್ಲ. ಕಾಗದಗಳನ್ನೆಲ್ಲ ಓದಿ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೇ ಬಂದಿದ್ದರು. ಬೆಲೆ ಕಟ್ಟಿದವನನ್ನು ಆರಿಸಿದ್ದು ಮಾರುವವರೇ ಯಾಕೆ? ಬೇರೆ ಗೋದಾಮು ನೋಡಿದ್ದೀರಾ? ಬಾಡಿಗೆಗೆ ಸಿಕ್ಕಿದರೆ ಸಾಲದೆ? ಪ್ರಸ್ತಾಪ ತಂದಿದ್ದ ಹಣಕಾಸು ಮುಖ್ಯಸ್ಥರು ಕಡತದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಉಳಿದಿಬ್ಬರು ಸ್ವತಂತ್ರ ನಿರ್ದೇಶಕರಿಗೂ ಧೈರ್ಯ ಬಂತು. ಈ ದರಕ್ಕೆ ಒಪ್ಪಿಗೆಯಿಲ್ಲ, ಕಮಿಟಿ ನೇಮಿಸುವ ತಜ್ಞರಿಂದ ಬೆಲೆ ಕಟ್ಟಿಸಿ, ಬೇರೆ ಗೋದಾಮುಗಳನ್ನೂ ನೋಡಿ ಬನ್ನಿ ಎಂದು ತೀರ್ಮಾನವಾಯಿತು.

ಎಂ.ಡಿ.ಯನ್ನು ಒಳಗೆ ಕರೆದು ಡಾಕ್ಟರೇ ತಿಳಿಸಿದರು. ಕೊನೆಗೆ, "ಹಾಂ, ಸೆಕ್ರೆಟರಿಯನ್ನ ತೆಗೀಬೇಕು ಅನ್ನಿಸಿದ್ರೆ ಅದೂ ಬೋರ್ಡಿಗೇ ಬರ್ಬೇಕಪ್ಪ. ಬೋರ್ಡಲ್ಲಿ ನಾವಿದ್ದೀವಿ," ಎಂದರು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಕಣ್ಣು ತುಂಬಿ ಬಂತು. ಎಂ.ಡಿ. ಫೋನು ಎತ್ತಿಕೊಂಡು ತಮ್ಮ ಕೋಣೆಗೆ ನಡೆದರು.

ಮೀಟಿಂಗು ಮುಗಿದ ಮೇಲೆ ಏನಾದರಾಗಲಿ, ನಾಲಿಗೆ ಜಾರಿದ್ದಕ್ಕೆ ಕ್ಷಮೆಯ ಒಂದು ಮಾತು ಹೇಳಿಬಿಡೋಣವೆಂದು ಅವರ ಕೋಣೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಎಂ.ಡಿ. ಭಾವಮೈದನ ಜತೆ ಫೋನಿನಲ್ಲಿದ್ದರು. ದನಿಯಲ್ಲಿ ದುಃಖ, ಮುಖದಲ್ಲಿ ಹಬ್ಬ.

"ನಾನೇನ್ ಮಾಡ್ಲಿ ಮಾರಾಯ? ನಿಮ್ಮಕ್ಕನಿಗೂ ನೀನೇ ಹೇಳು. ನನ್ನ ಕೈಲಿ ಏನೂ ಇಲ್ಲ. ನನ್ನನ್ನೇ ಆಚೆ ಕಳಿಸಿಬಿಟ್ರು!"

ನನ್ನನ್ನು ಕಂಡು, ಫೋನಿಗೆ ಅಂಗೈ ಅಡ್ಡ ಹಿಡಿದು, ಪಿಸುಗುಟ್ಟಿದರು: "ಇನ್ನೂ ಎರಡು ಸೈಟ್ ಇವೆಯಂತಮ್ಮಾ ಇವನದ್ದು, ಕಂಪನೀನೇ ಕೊಳ್ಳಬೇಕಂತೆ. ಅದಕ್ಕೂ ನನ್ನನ್ನ ಆಚೆ ಕಳಿಸ್ತೀಯಾ?"