ಪ್ರೊಫೈಲಿನಿಂದ ಬಿಟ್ಟ ಹೆಸರು

ವಿಜ್ಞಾನದ ಟೀಚರಿಗೆ ಶಾಲೆ ಸಾಕಾಗಿತ್ತು. ಮಕ್ಕಳಲ್ಲ, ಮಕ್ಕಳನ್ನು ಬಿಟ್ಟು ಉಳಿದದ್ದೆಲ್ಲ. ಕಂಪನಿಗಳ ಹೊಸ ನೌಕರರಿಗೆ ತರಬೇತಿ ಪಾಠ ರೂಪಿಸುವ ಕೆಲಸ ಹಿಡಿಯಲೇಬೇಕೆಂದು ಟೊಂಕ ಕಟ್ಟಿ ನಿಂತಿದ್ದಳು. ಬೇರೊಂದು ಕಂಪನಿಯ ನೇಮಕಾತಿ ವಿಭಾಗದಲ್ಲಿದ್ದ ನಾದಿನಿ ಮಾತ್ರ ಅವಳ ಪ್ರೊಫೈಲ್ ಓದಿ ಹಣೆ ಚಚ್ಚಿಕೊಂಡಳು.

"ಅತ್ತಿಗೆ, ಇದು ಶಾಲೆಯ ವಾರ್ಷಿಕ ವರದಿ ಥರ ಇದೆ. ಯಾವ ತರಗತಿ, ಯಾವ ವಿಷಯ ಅಂತ ಅವರಿಗ್ಯಾಕೆ? ಕಲಿಯೋರಿಗೆ ಏನು ಕಷ್ಟ ಇತ್ತು, ನೀವೇನು ಮಾಡಿದ್ರಿ, ಆಮೇಲೆ ಏನು ಬದಲಾಯ್ತು, ಅದನ್ನ ಬರೀರಿ. ಜೊತೆಗೂಡಿ ಮಾಡಿದ್ದಾದ್ರೆ ನಿಮ್ಮ ಪಾಲು ಏನು ಅಂತ ಹೇಳಿ. ಒಂದು ಮಾದರಿ ಪಾಠನೂ ಬೇಕು."

ಮಾದರಿ ಇತ್ತು. ಪ್ರಯೋಗಾಲಯದ ಸುರಕ್ಷತೆಯ ಕಂಪ್ಯೂಟರ್ ಪಾಠ. ಅದನ್ನೇ ಕಾರ್ಖಾನೆಯ ಹೊಸಬರಿಗೆ ಹೊಂದುವಂತೆ ತಿದ್ದಿದಳು. ಆದರೆ ಅದರ ಜೀವ ಪಕ್ಕದ ಮೇಜಿನ ಗೆಳತಿ, ಲೆಕ್ಕದ ಟೀಚರದು. ತಪ್ಪು ಉತ್ತರ ಒತ್ತಿದರೆ 'ತಪ್ಪು' ಎಂದು ಹೇಳದೆ, ಮುಂದೇನಾಗುತ್ತದೆಂದು ತೋರಿಸುವುದು ಅವಳ ಉಪಾಯ: ಮುಚ್ಚಳ ಹಾಕದ ಆಸಿಡ್ ಬಾಟಲಿ, ಅದರಿಂದ ಸುಟ್ಟ ಇನ್ನೊಬ್ಬರ ಕೈ. ಇವಳು ಕೊಟ್ಟದ್ದು ಚಿತ್ರ, ರಸಾಯನದ ವಿವರ. ಪಾಲು ಬರೆಯಲು ಕೂತರೆ ತನ್ನದು ತೀರಾ ತೆಳ್ಳಗೆ ಕಂಡಿತು. 'ಇಡೀ ಪಾಠದ ವಿನ್ಯಾಸ ನನ್ನದು' ಎಂದು ಬರೆದು ಒಂದು ಕಂಪನಿಗೆ ಅರ್ಜಿ ಕಳಿಸಿಯೇಬಿಟ್ಟಳು. ಗೆಳತಿಗೆ ಅದರ ಸುಳಿವನ್ನೂ ಕೊಡಲಿಲ್ಲ. ಅಂದಿನಿಂದ ಅವಳ ಜೊತೆ ಊಟಕ್ಕೆ ಕೂರುವುದನ್ನೇ ತಪ್ಪಿಸತೊಡಗಿದಳು.

ಸಂದರ್ಶನದಲ್ಲಿ ತರಬೇತಿ ವಿಭಾಗದ ಮುಖ್ಯಸ್ಥೆ ಮಾದರಿಯನ್ನು ಬಾಯ್ತುಂಬ ಹೊಗಳಿದಳು. ಆಮೇಲೆ ಲ್ಯಾಪ್‌ಟಾಪ್ ಇವಳ ಕಡೆ ತಿರುಗಿಸಿದಳು.

"ನಿಮ್ಮ ಶಾಲೆಯಿಂದಲೇ ಇನ್ನೊಬ್ಬರು ಅರ್ಜಿ ಹಾಕಿದ್ದಾರೆ. ಪಾಠ ಇದೇ. ಅದರಲ್ಲಿ ಚಿತ್ರಗಳು, ವಿಷಯ ಪರಿಶೀಲನೆ ಅಂತ ನಿಮ್ಮ ಹೆಸರಿದೆ. ನಿಮ್ಮದರಲ್ಲಿ ಅವರ ಹೆಸರೇ ಇಲ್ವಲ್ಲ?"

ಭೂಮಿ ಬಾಯ್ಬಿಡಬಾರದೇ ಎನಿಸಿತು. ನೆಪಗಳು ನಾಲಿಗೆಯ ತುದಿಯವರೆಗೆ ಬಂದವು. ಆದರೆ ತನ್ನ ಹೆಸರನ್ನು ಅಷ್ಟು ಒಪ್ಪವಾಗಿ ಬರೆದಿದ್ದ ಆ ಸಾಲಿನ ಮುಂದೆ ಒಂದೂ ಹೊರಬೀಳಲಿಲ್ಲ.

"ಅವರು ಬರೆದದ್ದೇ ನಿಜ, ಮೇಡಂ. ನಾನು ಬರೆದದ್ದು ಸುಳ್ಳು."

"ಇಲ್ಲಿ ಯಾರೂ ಒಬ್ಬರೇ ಪಾಠ ರೂಪಿಸಲ್ಲ," ಎಂದಷ್ಟೇ ಹೇಳಿ ಮುಖ್ಯಸ್ಥೆ ಲ್ಯಾಪ್‌ಟಾಪ್ ಮುಚ್ಚಿದಳು. ಕೆಲಸ ಕೈತಪ್ಪಿತೆಂದು ತಿಳಿಯಲು ಪತ್ರ ಬರಬೇಕಿರಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಅವಳು ಎಲ್ಲವನ್ನೂ ಗೆಳತಿಗೆ ಹೇಳಿದಳು. ಬೈಯಲಿ, ಮುಖ ತಿರುಗಿಸಲಿ ಎಂದು ಕಾದಳು. ಲೆಕ್ಕದ ಟೀಚರ್ ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

"ನನ್ನನ್ನ ನಾಳೆ ಸಂದರ್ಶನಕ್ಕೆ ಕರೆದಿದ್ದಾರೆ. ನಿಮಗೆ ಹೇಗೆ ಹೇಳೋದು ಅಂತ ಒಂದು ವಾರದಿಂದ ನಿದ್ದೆ ಇಲ್ಲ ಅಕ್ಕಾ. ನಿಮ್ಮನ್ನ ಬಿಟ್ಟು ಹೋಗ್ತಿದ್ದೀನಿ ಅಂತ ನನಗೇ ತಪ್ಪಿತಸ್ಥೆ ಥರ ಅನಿಸ್ತಿತ್ತು."